ರಾತ್ರಿ ಹಾದಿ: ಮೂರೂವರೆ ಫೂಟಿನ ಓಣಿಯಲ್ಲಿ ಕನ್ನಡಿ, ಹಲಗೆ, ಸಣ್ಣ ದೀಪ

ಇವತ್ತಿನ ಎಪಿಸೋಡ್ ನಮ್ಮ ಬಗದಲ್ ಮನೆಯೊಳಗಿನ ಒಂದು ಓಣಿಯದು. ಪಡಸಾಲೆಯಿಂದ ಹಿಂದಿನ ಬಚ್ಚಲಿಗೆ ಹೋಗೋ ಹಾದಿ. ಉದ್ದ ಹದಿನಾಲ್ಕು ಫೂಟು, ಅಗಲ ಮೂರೂವರೆ. ಕಿಟಕಿ ಇಲ್ಲ, ನಡುವೆ ಒಂದು ಹೊಸ್ತಿಲು.

ನಮ್ಮ ಆಯಿ ಸಂಜೆ ಆರರ ಮೇಲೆ ನೀರು ಕುಡಿಯೋದೇ ಬಿಟ್ಟಿದ್ದಳು. ಯಾಕಂತ ಕೇಳಿದ್ರೆ, "ನೀರು ಕುಡದ್ರ ರಾತ್ರಿ ಏಳಬೇಕಾಗ್ತದಪ್ಪ. ಆ ಕತ್ತಲದಾಗ ಯಾರು ಹೋಗಬೇಕು?" ಅಂದಳು. ಅದನ್ನ ಕೇಳಿದ ಮೇಲೇ ನಾನು ಟೇಪ್ ಹಿಡಿದದ್ದು.

ಗೋಡೆಯಿಂದ ಗೋಡೆಗೆ 42 ಇಂಚು. ನಾವು ಅಲ್ಲಿಟ್ಟಿದ್ದ ಚಪ್ಪಲಿ ಸ್ಟ್ಯಾಂಡ್ 14 ಇಂಚು ತಿಂತಿತ್ತು, ಉಳಿದದ್ದು 28. ಕೋಲು ಹಿಡಿದವರಿಗೆ 36 ಇಂಚು, ಅಂದ್ರೆ ಮೂರು ಫೂಟು ಖಾಲಿ ಇರಬೇಕು. ಹಂಗಾದ್ರೆ ಕನ್ಸೋಲ್‌ಗೆ ಸಿಗೋದು ಆರೇ ಇಂಚು. ಅಂಗಡಿಯ ರೆಡಿಮೇಡ್ ಕನ್ಸೋಲ್ ಟೇಬಲ್‌ಗಳು ಹೆಚ್ಚಾಗಿ ಹನ್ನೆರಡು ಇಂಚಿನ ಮೇಲೇ ಇರ್ತಾವೆ. ಅದಕ್ಕೇ ಬಡಿಗರ ಕಡೆಯಿಂದ ಆರು ಇಂಚಿನ ಹಲಗೆ ಮಾಡಿಸಿದೆ. ಕಾಲಿಲ್ಲ, ಗೋಡೆಗೇ ಬ್ರ್ಯಾಕೆಟ್, ಮೂಲೆಗಳು ದುಂಡಗೆ. ಕಾಲಿದ್ರೆ ಕೋಲು ಸಿಗ್ತದೆ, ಮೂಲೆ ಚೂಪಿದ್ರೆ ಸೊಂಟಕ್ಕೆ ಬಡೀತದೆ. ಮಾಡಿಸೋ ಮೊದಲು ಅದೇ ಅಳತೆಯ ರಟ್ಟಿನ ಡಬ್ಬಿ ಗೋಡೆಗೆ ಅಂಟಿಸಿ ಒಂದು ವಾರ ಬಿಟ್ಟೆ. ಯಾರ ಭುಜ ಎಲ್ಲಿ ತಾಗ್ತದೆ ಅಂತ ಡಬ್ಬಿಯ ಸೊಟ್ಟೇ ಹೇಳ್ತು.

ಹಲಗೆ ಮೇಲೆ ಆಯಿ ಕೈಯೂರೋದು ಖಂಡಿತ, ಹಂಗಾಗಿ ಗಟ್ಟಿ ಇರಲೇಬೇಕು. ನಮ್ಮ ಗೋಡೆ ಕೆಂಪು ಜಂಬಿಟ್ಟಿಗೆ ಕಲ್ಲು, ಬೀದರ್ ಕೋಟೆಯದ್ದೇ ಜಾತಿ. ಮೆತ್ತಗಿನ ಕಲ್ಲು. ಡ್ರಿಲ್ಲಿನ ಹ್ಯಾಮರ್ ಆಫ್ ಮಾಡಿ ನಿಧಾನ ಕೊರಿಬೇಕು, ಇಲ್ಲಾಂದ್ರೆ ತೂತು ಅಗಲಾಗಿ ಪ್ಲಗ್ ಸಡಿಲ ಕೂಡ್ತದೆ. ಕೆಂಪು ಪುಡಿ ಬಂದ್ರೆ ಕಲ್ಲು ಸಿಕ್ಕಿದೆ ಅಂತ. ಬಿಳಿ ಪುಡಿ ಬಂದು ಬಿಟ್ ಒಮ್ಮೆಲೇ ಒಳಗೆ ಜಾರಿದ್ರೆ ಅದು ಗಚ್ಚಿನ ಸಂದು. ಅಲ್ಲಿ ಬ್ಯಾಡ, ಒಂದೆರಡು ಇಂಚು ಸರಿಸಿ. ನಮಗೆ ಮೊದಲ ತೂತೇ ಸಂದಿಗೆ ಬಿತ್ತು. ಕೊನೆಗೆ ನಾನೇ ಎರಡೂ ಕೈಯೂರಿ ಜಗ್ಗಿ ನೋಡಿದ ಮೇಲೇ ಆಯಿಗೆ ಬಿಟ್ಟಿದ್ದು.

ಇನ್ನು ಕನ್ನಡಿ. ಬೀದರ್ ಕೋಟೆಯ ರಂಗೀನ್ ಮಹಲ್ ನೋಡಿದವರಿಗೆ ಗೊತ್ತಿರ್ತದೆ, ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ್ದಾರೆ, ಸ್ವಲ್ಪ ಬೆಳಕಿಗೇ ಮಿಂಚ್ತದೆ. ಕತ್ತಲೆ ಓಣಿಗೆ ಕನ್ನಡಿ ಮಾಡೋದೂ ಅದನ್ನೇ. ಆದ್ರೆ ಓಣಿಯ ಕೊನೆಯ ಗೋಡೆಗೆ ಹಾಕಬ್ಯಾಡ್ರಿ. ನಡುರಾತ್ರಿ ನಿದ್ದೆಗಣ್ಣಿಗೆ ಎದುರಿಂದ ಯಾರೋ ಬಂದಂಗೆ ಕಾಣ್ತದೆ. ನೆಲದಿಂದ ಶುರುವಾಗೋ ಉದ್ದ ಕನ್ನಡಿಯೂ ಬ್ಯಾಡ, ಬಾಗಿಲು ಅಂತ ತಿಳಿದು ಕಾಲಿಡೋವರಿದ್ದಾರೆ. ನಾವು ಪಕ್ಕದ ಗೋಡೆಗೆ, ಹಲಗೆಯ ಮೇಲೆ, ಎರಡು ಸ್ಕ್ರೂಗೆ ತೂಗು ಹಾಕಿದೆವು. ಪಡಸಾಲೆಯ ಬಾಗಿಲಿನ ಬೆಳಕು ಹಗಲು ಅದಕ್ಕೆ ಬಿದ್ದು ಒಳಗೆ ಹರಡ್ತದೆ.

ದೀಪ ಮೇಲೆ ಇರಬಾರದು. ಬೆನ್ನ ಹಿಂದಿನ ಬಲ್ಬು ನಿಮ್ಮ ನೆರಳನ್ನೇ ಹೊಸ್ತಿಲ ಮೇಲೆ ಹಾಕ್ತದೆ. ನೆಲದಿಂದ ಒಂದು ಫೂಟಿನೊಳಗೆ, ಕೆಳಮುಖವಾಗಿ, ಹಳದಿ ಬೆಳಕಿನ ಅರ್ಧ ವ್ಯಾಟಿನ ದೀಪ ಮೂರು ಸಾಕು: ಎರಡೂ ತುದಿಗೆ ಒಂದೊಂದು, ಒಂದು ಹೊಸ್ತಿಲ ಪಕ್ಕ. ಅಡ್ಡ ಬೀಳೋ ಬೆಳಕಿನಲ್ಲಿ ಹೊಸ್ತಿಲಿನ ಏರು ಎದ್ದು ಕಾಣ್ತದೆ. ಲೆಕ್ಕ ನಾ ಹಾಕ್ಲೇಬೇಕು, ಬಿ.ಕಾಂ ನೋಡ್ರಿ: ರಾತ್ರಿ ಹತ್ತು ತಾಸು ಮೂರೂ ಉರಿದ್ರೂ ತಿಂಗಳಿಗೆ ಅರ್ಧ ಯೂನಿಟ್ಟೂ ಆಗಲ್ಲ.

ಕತ್ತಲಾದ್ರೆ ತಾನೇ ಹತ್ತೋ ದೀಪ ತಂದಿದ್ದೆ. ಒಂದು ದೀಪ ಮಾತ್ರ ಹತ್ತೋದು, ಆರೋದು, ಮತ್ತೆ ಹತ್ತೋದು. ಕೆಟ್ಟಿದೆ ಅಂತ ವಾಪಸ್ ಕೊಡೋಕೆ ಹೊರಟಿದ್ದೆ. ಆಮೇಲೆ ತಿಳೀತು, ಎದುರಿನ ಕನ್ನಡಿಯಿಂದ ಅದರ ಬೆಳಕೇ ಅದರ ಸೆನ್ಸರ್‌ಗೆ ಬೀಳ್ತಿತ್ತು, ಅದು ಬೆಳಗಾಯ್ತು ಅಂದ್ಕೊಳ್ತಿತ್ತು. ಸೆನ್ಸರ್ ಮೇಲೆ ಕೈ ಅಡ್ಡ ಹಿಡೀರಿ. ಸ್ಥಿರ ಆದ್ರೆ ತಪ್ಪು ದೀಪದ್ದಲ್ಲ, ಜಾಗದ್ದು. ಎರಡು ಫೂಟು ಸರಿಸಿದೆ, ಮುಗೀತು.

ನಡೆದಾಗ ಹತ್ತೋ ಮೋಷನ್ ಸೆನ್ಸರ್ ದೀಪದ್ದು ಬೇರೆ ಕತೆ. ಅದು ಮೈಯ ಬಿಸಿ ಮತ್ತು ಸುತ್ತಲಿನ ಬಿಸಿಯ ವ್ಯತ್ಯಾಸ ಹಿಡೀತದೆ. ಮೇ ತಿಂಗಳಲ್ಲಿ ಗೋಡೆಗಳೇ ಕಾದಿರ್ತಾವೆ, ವ್ಯತ್ಯಾಸ ಕಡಿಮೆ, ಹಂಗಾಗಿ ತೀರ ಹತ್ತಿರ ಬಂದ ಮೇಲೆ ಹತ್ತಬಹುದು. ಎದುರು ನಡೆದು ಬರೋರಿಗಿಂತ ಅಡ್ಡ ದಾಟೋರನ್ನ ಅದು ಬೇಗ ಗುರುತಿಸ್ತದೆ. ಅದಕ್ಕೇ ಓಣಿಯ ಕೊನೆಗಲ್ಲ, ಪಕ್ಕದ ಗೋಡೆಗಿರಲಿ. ನಾನಂತೂ ಆಯಿಯ ಹಾದಿಗೆ ಇಡೀ ರಾತ್ರಿ ಉರಿಯೋದನ್ನೇ ಇಟ್ಟೆ. ಮೊದಲ ಹೆಜ್ಜೆ ಕತ್ತಲಲ್ಲಿ ಇಡೋ ಪ್ರಸಂಗ ಬರಬಾರದು.

ಕರೆಂಟ್ ಹೋದಾಗ? ಹೊಸ್ತಿಲ ದೀಪ ಒಂದು ಬ್ಯಾಟರಿಯದು. ಅದನ್ನ ಪ್ರತಿ ಭಾನುವಾರ ಚಾರ್ಜಿಗೆ ಹಾಕೋ ಕೆಲಸ ನನ್ನದು, ಮರೆತ್ರೆ ಆಯಿ ನೀರಿನ ಲೋಟ ಹಿಡ್ಕೊಂಡೇ ನೆನಪು ಮಾಡ್ತಾಳೆ.