ನಾಯಿಮರಿಗಳ ಪಾರ್ವೊ: ಮೊದಲ ಮೂರು ದಿನಗಳ ಲೆಕ್ಕ

ಲಸಿಕೆ ಹಾಕಿಸದ ನಾಯಿಮರಿಗಳನ್ನು ಬಲಿ ತೆಗೆದುಕೊಳ್ಳುವ ಕಾಯಿಲೆಗಳಲ್ಲಿ ಪಾರ್ವೊ ಮುಂಚೂಣಿಯಲ್ಲಿದೆ. ಇದಕ್ಕೆ ಕಾರಣವಾದ ವೈರಸ್ 1978ರ ಹೊತ್ತಿಗೆ ಹಲವು ದೇಶಗಳ ನಾಯಿಗಳಲ್ಲಿ ಏಕಕಾಲಕ್ಕೆ ಕಾಣಿಸಿಕೊಂಡಿತು. ಬೆಕ್ಕುಗಳಿಗೆ ಇಂಥದೇ ರೋಗ ತರುವ ವೈರಸ್ ಇದರ ಹತ್ತಿರದ ಸಂಬಂಧಿ. ಆರು ವಾರದಿಂದ ಆರು ತಿಂಗಳವರೆಗಿನ ಮರಿಗಳಿಗೆ ಅಪಾಯ ಹೆಚ್ಚು. ಇದು ಮನುಷ್ಯರಿಗೆ ಅಂಟುವುದಿಲ್ಲ. ಆದರೆ ಮನುಷ್ಯರ ಕೈ, ಬಟ್ಟೆ, ಚಪ್ಪಲಿಗಳ ಮೂಲಕ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತದೆ. ಹಾಗಾಗಿ ಮನೆಯಿಂದ ಹೊರಗೇ ಹೋಗದ ಮರಿಗೂ ಪಾರ್ವೊ ಬರಬಹುದು.

ರೋಗಿಯ ಮಲದಲ್ಲಿ ಹೊರಬಿದ್ದ ವೈರಸ್ ಬಾಯಿಯ ಮೂಲಕ ಒಳಹೊಕ್ಕು, ದೇಹದಲ್ಲಿ ವೇಗವಾಗಿ ಹುಟ್ಟುತ್ತಿರುವ ಜೀವಕೋಶಗಳನ್ನೇ ಹುಡುಕಿ ಕೊಲ್ಲುತ್ತದೆ. ಅಂಥ ಕೋಶಗಳು ಎರಡು ಕಡೆ ಹೆಚ್ಚಾಗಿರುತ್ತವೆ. ಒಂದು, ಸಣ್ಣ ಕರುಳಿನ ಒಳಪದರ. ಈ ಪದರ ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತಿರಬೇಕು. ಹೊಸ ಕೋಶ ಹುಟ್ಟುವುದು ನಿಂತರೆ ಹಳೆಯದು ಉದುರಿ ಕರುಳು ಬರಿದಾಗುತ್ತದೆ. ನೀರು, ಲವಣ, ರಕ್ತ ಹೊರಗೆ ಸೋರುತ್ತವೆ, ಕರುಳಿನ ಬ್ಯಾಕ್ಟೀರಿಯಾಗಳು ರಕ್ತಕ್ಕೆ ನುಗ್ಗುತ್ತವೆ. ಇನ್ನೊಂದು, ಮೂಳೆಯೊಳಗಿನ ಮಜ್ಜೆ. ಅಲ್ಲಿ ಪೆಟ್ಟು ಬಿದ್ದಾಗ ಬಿಳಿ ರಕ್ತಕಣಗಳು ಕುಸಿದು, ನುಗ್ಗಿದ ಬ್ಯಾಕ್ಟೀರಿಯಾಗಳನ್ನು ತಡೆಯುವವರೇ ಇರುವುದಿಲ್ಲ. ಮರಿ ಸಾಯುವುದು ಬಹುತೇಕ ಈ ಎರಡು ಕಾರಣಗಳಿಂದ: ಮೈಯ ನೀರು ಬತ್ತಿ, ಇಲ್ಲವೇ ರಕ್ತಕ್ಕೆ ಸೋಂಕು ಹರಡಿ. ಚಿಕಿತ್ಸೆಯ ಕ್ರಮವೆಲ್ಲ ಇದರಿಂದಲೇ ನಿರ್ಧಾರವಾಗುತ್ತದೆ.

ಸೋಂಕು ತಗುಲಿದ ಮೂರರಿಂದ ಏಳು ದಿನಗಳಲ್ಲಿ ಸಾಮಾನ್ಯವಾಗಿ ಲಕ್ಷಣಗಳು ಶುರುವಾಗುತ್ತವೆ. ಮೊದಲ ದಿನ ರಕ್ತವೂ ಇರುವುದಿಲ್ಲ, ಭೇದಿಯೂ ಇರುವುದಿಲ್ಲ. ನಿನ್ನೆ ಕುಣಿದಾಡಿದ ಮರಿ ಮೂಲೆ ಹಿಡಿದು ಮಲಗುತ್ತದೆ, ತಟ್ಟೆ ಮುಟ್ಟುವುದಿಲ್ಲ, ಮೈ ಬಿಸಿಯಾಗಿರಬಹುದು. ಬಳಿಕ ವಾಂತಿ ಶುರುವಾಗುತ್ತದೆ. ಹೊಟ್ಟೆ ಖಾಲಿಯಾದ ಮೇಲೂ ಬಿಳಿ ನೊರೆ ಅಥವಾ ಹಳದಿ ಪಿತ್ತ ಬರುತ್ತಲೇ ಇರುತ್ತದೆ. ಒಂದೆರಡು ದಿನದಲ್ಲಿ ನೀರಿನಂಥ ಭೇದಿ ಆರಂಭವಾಗಿ, ಹಲವು ಮರಿಗಳಲ್ಲಿ ಅದು ರಕ್ತಮಿಶ್ರಿತವಾಗಿ ವಿಪರೀತ ದುರ್ವಾಸನೆ ಬೀರುತ್ತದೆ. ಎಲ್ಲ ಮರಿಗಳಲ್ಲೂ ರಕ್ತ ಕಾಣಿಸುವುದಿಲ್ಲ. ರಕ್ತ ಬಿದ್ದ ಮೇಲೆ ಆಸ್ಪತ್ರೆಗೆ ಹೋದರಾಯಿತು ಎಂದು ಕಾಯುವವರು ಚಿಕಿತ್ಸೆಗೆ ಅತ್ಯಂತ ಬೆಲೆಯುಳ್ಳ ಹೊತ್ತನ್ನು ಕಳೆದುಕೊಳ್ಳುತ್ತಾರೆ. ಲಸಿಕೆ ಪೂರ್ತಿಯಾಗದ ಮರಿ ಊಟ ಬಿಟ್ಟು ವಾಂತಿ ಮಾಡಿಕೊಂಡರೆ ಅದೇ ದಿನ ಪಶುವೈದ್ಯರಿಗೆ ತೋರಿಸಬೇಕು.

ನೀರು ಎಷ್ಟು ಬತ್ತಿದೆ ಎಂಬುದನ್ನು ಮನೆಯಲ್ಲೇ ಅಂದಾಜು ಮಾಡಬಹುದು. ಆರೋಗ್ಯವಂತ ಮರಿಯ ವಸಡು ಒದ್ದೆಯಾಗಿ ನಸುಗೆಂಪಾಗಿರುತ್ತದೆ. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳುತ್ತದೆ. ವಸಡು ಅಂಟಂಟಾಗಿದ್ದರೆ, ಬಣ್ಣ ತಡವಾಗಿ ಬಂದರೆ, ಭುಜಗಳ ನಡುವಿನ ಚರ್ಮವನ್ನು ಎತ್ತಿ ಬಿಟ್ಟಾಗ ಅದು ಮಡಚಿಕೊಂಡೇ ನಿಂತರೆ, ಕಣ್ಣು ಒಳಸರಿದಿದ್ದರೆ ತಡಮಾಡುವಂತಿಲ್ಲ. ಮೈ ತಣ್ಣಗಾಗುವುದು ಜ್ವರಕ್ಕಿಂತ ಕೆಟ್ಟ ಸೂಚನೆ.

ಆಸ್ಪತ್ರೆಯಲ್ಲಿ ಮಲದ ಸಣ್ಣ ಮಾದರಿಯಿಂದ ಕೆಲವೇ ನಿಮಿಷಗಳಲ್ಲಿ ಪಟ್ಟಿ ಪರೀಕ್ಷೆ ಮಾಡುತ್ತಾರೆ. ರೋಗದ ಆರಂಭದಲ್ಲಿ ಮತ್ತು ಕೊನೆಯ ಹಂತದಲ್ಲಿ ಈ ಪರೀಕ್ಷೆ ತಪ್ಪಾಗಿ ‘ಇಲ್ಲ’ ಎನ್ನಬಹುದು. ಆದ್ದರಿಂದ ಲಕ್ಷಣಗಳು ಸ್ಪಷ್ಟವಾಗಿದ್ದರೆ ವೈದ್ಯರು ಅದನ್ನಷ್ಟೇ ನಂಬದೆ ಬಿಳಿ ರಕ್ತಕಣಗಳ ಎಣಿಕೆಯನ್ನೂ ನೋಡುತ್ತಾರೆ.

ಸಾಮಾನ್ಯವಾಗಿ ಸಿಗುವ ಔಷಧಿಗಳಲ್ಲಿ ವೈರಸ್ಸನ್ನೇ ಕೊಲ್ಲುವಂಥದು ಇಲ್ಲ. ಮರಿಯ ದೇಹ ತಾನೇ ಪ್ರತಿರೋಧ ಕಟ್ಟಿಕೊಳ್ಳುವವರೆಗೆ, ಅಂದರೆ ಸುಮಾರು ಐದರಿಂದ ಏಳು ದಿನ, ಅದನ್ನು ಬದುಕಿಸಿಡುವುದೇ ಚಿಕಿತ್ಸೆ. ಅದರಲ್ಲಿ ಮುಖ್ಯವಾದುದು ನೀರಿನ ಲೆಕ್ಕ. ಐದು ಕಿಲೋ ತೂಕದ ಮರಿಯೊಂದು ಎರಡನೇ ದಿನ ಆಸ್ಪತ್ರೆಗೆ ಬಂತು ಎಂದುಕೊಳ್ಳೋಣ. ಪರೀಕ್ಷಿಸಿದ ವೈದ್ಯರು ಅದರ ತೂಕದ ಶೇ. 8ರಷ್ಟು ನೀರು ಬತ್ತಿದೆ ಎಂದು ಅಂದಾಜಿಸುತ್ತಾರೆ. ಅಂದರೆ 400 ಮಿಲಿ ಆಗಲೇ ಹೋಗಿದೆ. ದಿನನಿತ್ಯದ ಅಗತ್ಯ ಕಿಲೋಗೆ 60 ಮಿಲಿಯಂತೆ ಹಿಡಿದರೂ 300 ಮಿಲಿ ಬೇಕು. ಇನ್ನೂ ನಿಲ್ಲದ ವಾಂತಿ-ಭೇದಿಯಲ್ಲಿ ಹೋಗುವುದು 150 ಮಿಲಿ ಎಂದಿಟ್ಟುಕೊಂಡರೆ ಮೊದಲ ದಿನಕ್ಕೆ 850 ಮಿಲಿ ಆಯಿತು. ವಾಂತಿ ಮಾಡುವ ಮರಿಗೆ ಇಷ್ಟನ್ನು ಬಾಯಿಯಿಂದ ಕುಡಿಸಲು ಆಗದು. ಬಲವಂತ ಮಾಡಿದರೆ ಶ್ವಾಸಕೋಶಕ್ಕೆ ಹೋಗುವ ಭಯವಿದೆ. ಆದ್ದರಿಂದ ರಿಂಗರ್ ಲ್ಯಾಕ್ಟೇಟ್‌ನಂಥ ದ್ರಾವಣವನ್ನು ರಕ್ತನಾಳಕ್ಕೆ ಡ್ರಿಪ್ ಹಾಕುತ್ತಾರೆ. ರಕ್ತದಲ್ಲಿ ಸಕ್ಕರೆ ಮತ್ತು ಪೊಟ್ಯಾಶಿಯಂ ಇಳಿದಿದ್ದರೆ ಅವನ್ನೂ ಅಳೆದು ಸೇರಿಸುತ್ತಾರೆ. ಬೆಳಿಗ್ಗೆ ಒಂದು ಬಾಟಲಿ ಏರಿಸಿಕೊಂಡು ಬಂದ ಮರಿ ಸಂಜೆಗೆ ಮತ್ತೆ ಕುಸಿಯುವುದಕ್ಕೆ ಕಾರಣ ಈ ಲೆಕ್ಕದಲ್ಲೇ ಇದೆ: ಸೋರಿಕೆ ನಿಂತಿರುವುದಿಲ್ಲ.

ಇದರ ಜೊತೆಗೆ ವಾಂತಿ ತಡೆಯಲು ಮಾರೋಪಿಟೆಂಟ್ ಅಥವಾ ಒಂಡಾನ್ಸೆಟ್ರಾನ್ ಚುಚ್ಚುಮದ್ದು, ಬ್ಯಾಕ್ಟೀರಿಯಾಗಳ ವಿರುದ್ಧ ಆಂಟಿಬಯೋಟಿಕ್ ಕೊಡುತ್ತಾರೆ. ಹೊಟ್ಟೆಗೆ ವಿಶ್ರಾಂತಿ ಬೇಕೆಂದು ದಿನಗಟ್ಟಲೆ ಉಪವಾಸ ಕೆಡವುವ ಹಳೆಯ ಪದ್ಧತಿಯನ್ನು ಈಗ ಬಿಡಲಾಗಿದೆ. ಕರುಳು ಬೇಗ ಚೇತರಿಸಿಕೊಳ್ಳಲಿ ಎಂದು ವಾಂತಿ ಹತೋಟಿಗೆ ಬರುತ್ತಿದ್ದಂತೆ ಮೆದು ಆಹಾರವನ್ನು ಕೆಲವೇ ಮಿಲಿಯಷ್ಟು, ಆಗಾಗ ಕೊಡಿಸುತ್ತಾರೆ. ಭೇದಿ ನಿಲ್ಲಿಸುವ ಮಾತ್ರೆ, ಪ್ಯಾರಾಸಿಟಮಾಲ್‌ನಂಥ ಮನುಷ್ಯರ ಔಷಧಿಗಳನ್ನು ಮನೆಯವರು ತಾವಾಗಿ ಕೊಡಲೇಬಾರದು.

ಆಸ್ಪತ್ರೆಯಲ್ಲಿ ಇರಿಸುವ ಖರ್ಚು ಎಲ್ಲರಿಗೂ ಎಟುಕದು. ಅಮೆರಿಕದ ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಪಶುವೈದ್ಯರು ಇದಕ್ಕೊಂದು ದಾರಿ ರೂಪಿಸಿದರು. ಮೊದಲು ರಕ್ತನಾಳದ ಮೂಲಕ ದ್ರವ ಕೊಟ್ಟು ಮರಿಯನ್ನು ಸ್ಥಿರಗೊಳಿಸಿ, ಆಮೇಲೆ ಚರ್ಮದಡಿಗೆ ದಿನಕ್ಕೆ ಮೂರು ಬಾರಿ ದ್ರವ, ದಿನಕ್ಕೊಂದು ವಾಂತಿ ತಡೆಯುವ ಚುಚ್ಚುಮದ್ದು, ದೀರ್ಘಕಾಲ ಕೆಲಸ ಮಾಡುವ ಒಂದು ಆಂಟಿಬಯೋಟಿಕ್ ಕೊಡುವುದು ಆ ಕ್ರಮ. ಅವರ ಅಧ್ಯಯನದಲ್ಲಿ ಆಸ್ಪತ್ರೆಯಲ್ಲಿದ್ದ ಮರಿಗಳಲ್ಲಿ ಸುಮಾರು ಶೇ. 90, ಈ ಕ್ರಮದವುಗಳಲ್ಲಿ ಸುಮಾರು ಶೇ. 80 ಬದುಕಿದವು. ಇದು ವೈದ್ಯರ ನಿತ್ಯದ ನಿಗಾದಲ್ಲಿ ನಡೆಯಬೇಕಾದ ಚಿಕಿತ್ಸೆ, ಮನೆಮದ್ದಲ್ಲ. ಏನೂ ಚಿಕಿತ್ಸೆಯಿಲ್ಲದೆ ಬಿಟ್ಟ ಮರಿಗಳಲ್ಲಿ ಬದುಕುವವು ಬಹಳ ಕಡಿಮೆ.

ಮನೆಯಲ್ಲಿರುವ ಮರಿಯನ್ನು ತೊಳೆಯಲು ಸುಲಭವಾದ ನೆಲವಿರುವ, ಬೆಚ್ಚಗಿನ ಒಂದು ಕೋಣೆಯಲ್ಲಿ ಇಡಬೇಕು. ಹಾಸಿಗೆಗೆ ಹಳೆಯ ಪತ್ರಿಕೆ ಸಾಕು, ಎಸೆಯಲು ಅನುಕೂಲ. ಆ ಕೋಣೆಗೆಂದೇ ಬೇರೆ ತಟ್ಟೆ, ಬೇರೆ ಚಪ್ಪಲಿ ಇರಲಿ. ಮನೆಯ ಬೇರೆ ನಾಯಿಗಳ ಆರೈಕೆ ಮುಗಿಸಿ ಕೊನೆಗೆ ರೋಗಿಯ ಬಳಿ ಹೋಗಿ, ಬಂದೊಡನೆ ಕೈಯನ್ನು ಸೋಪಿನಿಂದ ಚೆನ್ನಾಗಿ ತೊಳೆಯಬೇಕು. ಲಕ್ಷಣ ಕಾಣುವ ಮೊದಲೇ ಮಲದಲ್ಲಿ ವೈರಸ್ ಹೊರಬೀಳುತ್ತಿರುವುದರಿಂದ, ಜೊತೆಗಿದ್ದ ಮರಿಗಳಿಗೂ ತಗುಲಿದೆ ಎಂದೇ ಎಣಿಸಿ ಎರಡು ವಾರ ಗಮನಿಸಬೇಕು. ಗುಣವಾದ ಮರಿಯನ್ನೂ ಕನಿಷ್ಠ ಎರಡು ವಾರ ಬೇರೆಯಾಗಿಟ್ಟು, ಸ್ನಾನ ಮಾಡಿಸಿದ ಮೇಲಷ್ಟೇ ಬೇರೆ ನಾಯಿಗಳ ಜೊತೆ ಬಿಡಬೇಕು.

ಫಿನಾಯಿಲ್ ಸುರಿದರೆ ವಾಸನೆ ಹೋಗುತ್ತದೆ, ಪಾರ್ವೊ ವೈರಸ್ ಉಳಿಯುತ್ತದೆ. ಸ್ಯಾನಿಟೈಸರ್‌ಗೂ ಅದು ಜಗ್ಗದು. ಕೆಲಸಕ್ಕೆ ಬರುವುದು ಕ್ಲೋರಿನ್ ಬ್ಲೀಚ್ ದ್ರಾವಣ. ಮೊದಲು ಮಲ, ವಾಂತಿಯನ್ನು ಪೂರ್ತಿ ತೆಗೆದು ಸೋಪಿನಿಂದ ತೊಳೆದು, ಆಮೇಲೆ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಮೂವತ್ತು ಪಾಲು ನೀರು ಬೆರೆಸಿ, ನೆಲ ಹತ್ತು ನಿಮಿಷ ಒದ್ದೆಯಾಗಿರುವಂತೆ ಬಳಿಯಬೇಕು. ಕೊಳೆಯ ಮೇಲೆ ಸುರಿದ ಬ್ಲೀಚ್ ವ್ಯರ್ಥ. ಅದನ್ನು ಬೇರೆ ಯಾವ ಶುಚಿಕಾರಕದೊಂದಿಗೂ ಬೆರೆಸಬಾರದು, ವಿಷಾನಿಲ ಹುಟ್ಟುತ್ತದೆ. ಅಂಗಳದ ಮಣ್ಣನ್ನು ಮಾತ್ರ ಹೀಗೆ ಶುದ್ಧಮಾಡಲಾಗದು. ನೆರಳಿನ ಮಣ್ಣಿನಲ್ಲಿ ವೈರಸ್ ತಿಂಗಳುಗಟ್ಟಲೆ ಉಳಿಯುತ್ತದೆ. ಅಂಥ ಮನೆಗೆ ಲಸಿಕೆ ಪೂರ್ತಿಯಾಗದ ಹೊಸ ಮರಿಯನ್ನು ತರಬಾರದು.

ಲಸಿಕೆಯನ್ನು ಆರರಿಂದ ಎಂಟು ವಾರಕ್ಕೆ ಆರಂಭಿಸಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರ ತುಂಬುವವರೆಗೆ ಹಾಕಿಸಬೇಕು. ತಾಯಿಯಿಂದ ಬಂದ ಪ್ರತಿಕಾಯಗಳು ಮೊದಲ ಡೋಸುಗಳನ್ನು ನಿಷ್ಫಲಗೊಳಿಸಬಹುದು, ಅವು ಯಾವಾಗ ಇಳಿಯುತ್ತವೆ ಎಂಬುದು ಮರಿಯಿಂದ ಮರಿಗೆ ಬೇರೆ. ಒಂದೇ ಡೋಸ್ ಹಾಕಿಸಿ ನಿಲ್ಲಿಸಿದ ಮರಿಗಳಿಗೂ ಪಾರ್ವೊ ಬರುವುದು ಇದರಿಂದಲೇ. ರೇಬಿಸ್ ಚುಚ್ಚುಮದ್ದು ಬೇರೆಯೇ ಲಸಿಕೆ, ಅದರಿಂದ ಪಾರ್ವೊಗೆ ರಕ್ಷಣೆ ಸಿಗದು. ಮರಿ ತಂದವರು ಅದರ ಲಸಿಕೆ ಚೀಟಿಯಲ್ಲಿ ಹದಿನಾರು ವಾರ ದಾಟಿದ ಮೇಲಿನ ಡೋಸ್ ಇದೆಯೇ ಎಂದು ಇಂದೇ ನೋಡಿಕೊಳ್ಳಲಿ.