ಫಾರ್ವರ್ಡ್ ಬುಕ್ ಮಾಡಿದರೆ ಚಿಂತೆಯೇ ಇಲ್ಲವೇ?

2007ರ ಆರಂಭದಲ್ಲಿ ಡಾಲರ್ ಬೆಲೆ 44 ರೂಪಾಯಿ ಆಸುಪಾಸಿನಲ್ಲಿತ್ತು. ವರ್ಷ ಮುಗಿಯುವ ಹೊತ್ತಿಗೆ 40ಕ್ಕಿಂತ ಕೆಳಗಿಳಿದಿತ್ತು. ಸಿದ್ಧ ಉಡುಪು ರಫ್ತು ಮಾಡುವವರ ಲಾಭ ಅಷ್ಟಕ್ಕೇ ಕರಗಿಹೋಯಿತು. ಇಂಥ ಪೆಟ್ಟು ತಪ್ಪಿಸಲೆಂದೇ ಇರುವುದು ಫಾರ್ವರ್ಡ್ ಒಪ್ಪಂದ: ಮುಂದೆ ಬರಲಿರುವ ಡಾಲರನ್ನು ಇಂತಿಷ್ಟು ದರಕ್ಕೆ, ಇಂಥ ದಿನ ಕೊಡುತ್ತೇನೆಂದು ಇಂದೇ ಬ್ಯಾಂಕಿನೊಂದಿಗೆ ಮಾಡಿಕೊಳ್ಳುವ ಕರಾರು. ಇದರ ಬಗ್ಗೆ ಓಡಾಡುವ ನಂಬಿಕೆಗಳಲ್ಲಿ ಕೆಲವು ದುಬಾರಿಯಾದವು.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ದೊಡ್ಡಬಳ್ಳಾಪುರದ ಅಪೆರಲ್ ಪಾರ್ಕಿನ ಒಂದು ಘಟಕಕ್ಕೆ ಒಂದು ಲಕ್ಷ ಡಾಲರ್ ಆರ್ಡರ್ ಸಿಕ್ಕಿದೆ, ಹಣ ಬರುವುದು ಮೂರು ತಿಂಗಳ ನಂತರ. ಬಟ್ಟೆ, ಹೊಲಿಗೆ, ಕೂಲಿ ಎಲ್ಲ ಸೇರಿ ಖರ್ಚು 80 ಲಕ್ಷ ರೂಪಾಯಿ. ಇಂದಿನ ದರ 84 ರೂಪಾಯಿ. ಬ್ಯಾಂಕು ಮೂರು ತಿಂಗಳಿಗೆ 84.45 ಕೊಡುತ್ತೇನೆ ಎನ್ನುತ್ತದೆ.

ನಂಬಿಕೆ: ಬ್ಯಾಂಕು 84.45 ಎಂದರೆ ಡಾಲರ್ ಅಷ್ಟಕ್ಕೆ ಏರುತ್ತದೆ ಎಂದರ್ಥ.

ಬ್ಯಾಂಕು ಭವಿಷ್ಯ ಹೇಳುತ್ತಿಲ್ಲ, ಬಡ್ಡಿ ಲೆಕ್ಕ ಹಾಕುತ್ತಿದೆ. ರೂಪಾಯಿಗೆ ವರ್ಷಕ್ಕೆ ಶೇ 7, ಡಾಲರ್‌ಗೆ ಶೇ 4.5 ಬಡ್ಡಿ ಇದೆ ಎನ್ನಿ. ಈ ಅಂತರದ ಕಾಲು ಭಾಗ ಮೂರು ತಿಂಗಳ ಪಾಲು. 84 ರೂಪಾಯಿಗೆ ಅದು ಸುಮಾರು 52 ಪೈಸೆ. ಬ್ಯಾಂಕು ತನ್ನ ಲಾಭ ಹಿಡಿದುಕೊಂಡು 45 ಪೈಸೆ ಕೊಟ್ಟಿದೆ. ಇದೇ ಪ್ರೀಮಿಯಂ. ಡಾಲರ್ ಆ ದಿನ 80ಕ್ಕೆ ಇಳಿದಿರಬಹುದು, 88ಕ್ಕೆ ಏರಿರಬಹುದು. ಈ ದರಕ್ಕೂ ಅದಕ್ಕೂ ಸಂಬಂಧವಿಲ್ಲ.

ನಂಬಿಕೆ: ಡಾಲರ್ ಏರಿಬಿಟ್ಟರೆ ಬುಕ್ ಮಾಡಿದವನಿಗೆ ನಷ್ಟ.

ಡಾಲರ್ 87 ಆಯಿತು ಎನ್ನಿ. "ಎರಡೂವರೆ ಲಕ್ಷ ಹೋಯಿತಲ್ಲ" ಎಂದು ಮಾಲೀಕರು ಅಕೌಂಟೆಂಟನ್ನು ಗದರುತ್ತಾರೆ. ಆದರೆ ಆರ್ಡರಿಗೆ ಬೆಲೆ ಒಪ್ಪಿದ ದಿನ ಅವರು ಎಣಿಸಿದ್ದ 4.45 ಲಕ್ಷದ ಲಾಭ ಹಾಗೆಯೇ ಕೈಗೆ ಬಂದಿದೆ. ದರ 79.50ಕ್ಕೆ ಇಳಿದಿದ್ದರೆ, ಬುಕ್ ಮಾಡದವರು 50 ಸಾವಿರ ಕೈಯಿಂದ ಹಾಕಬೇಕಿತ್ತು. 2013ರಲ್ಲಿ ಮೇನಿಂದ ಆಗಸ್ಟ್ ಕೊನೆಯೊಳಗೆ ಡಾಲರ್ 55ರ ಆಸುಪಾಸಿನಿಂದ 68 ದಾಟಿದಾಗ, ಬುಕ್ ಮಾಡದವರು ಜಾಣರಂತೆ ಕಂಡರು. ಅವರು ಮಾಡಿದ್ದು ಉಡುಪಿನ ವ್ಯಾಪಾರವಲ್ಲ, ಡಾಲರಿನ ಮೇಲಿನ ಪಂದ್ಯ ಎಂಬುದು ನನ್ನ ಅಭಿಪ್ರಾಯ.

ನಂಬಿಕೆ: ಬುಕ್ ಮಾಡಿದ ಮೇಲೆ ಚಿಂತೆಯಿಲ್ಲ.

ಹೆಚ್ಚು ಜನ ಎಡವುವುದು ಇಲ್ಲೇ. ಫಾರ್ವರ್ಡ್ ಕಾಯುವುದು ದರವನ್ನು, ಆರ್ಡರನ್ನಲ್ಲ. 2020ರ ಮಾರ್ಚ್-ಏಪ್ರಿಲ್‌ನಲ್ಲಿ ಕೊರೊನಾದಿಂದ ವಿದೇಶಿ ಬ್ರ್ಯಾಂಡುಗಳು ಆರ್ಡರ್ ರದ್ದು ಮಾಡುತ್ತಿದ್ದಾಗಲೇ ಡಾಲರ್ 76 ದಾಟಿತ್ತು. ಡಾಲರ್ ಬರಲಿ ಬಿಡಲಿ, ಬ್ಯಾಂಕಿಗೆ ಕೊಟ್ಟ ಮಾತು ಮಾತೇ. ರದ್ದು ಮಾಡಬೇಕೆಂದರೆ ಅಷ್ಟೇ ಡಾಲರನ್ನು ಆ ದಿನದ ದರಕ್ಕೆ ಕೊಂಡಂತೆ ಲೆಕ್ಕ ಹಾಕಿ ವ್ಯತ್ಯಾಸ ಕಟ್ಟಬೇಕು. ನಮ್ಮ ಉದಾಹರಣೆಯಲ್ಲಿ ದರ 87 ಇದ್ದರೆ 2.55 ಲಕ್ಷ. ದರ ಇಳಿದಿದ್ದರೆ ವ್ಯತ್ಯಾಸ ನಮಗೆ ಬರುತ್ತದೆ, ಆದರೆ ಅದನ್ನು ನೆಚ್ಚಿಕೊಂಡು ಕೂರುವಂತಿಲ್ಲ.

ಆರ್ಡರ್ ರದ್ದಾಗದೆ ಹಣ ತಡವಾದರೆ ಕಥೆ ಬೇರೆ. ಖರೀದಿದಾರ ಇಪ್ಪತ್ತು ದಿನ ತಡಮಾಡಿದ ಎನ್ನಿ. ಹಳೆಯ ಕರಾರನ್ನು ಅಂದಿನ ದರಕ್ಕೆ ರದ್ದು ಮಾಡಿ, ಹೊಸ ದಿನಾಂಕಕ್ಕೆ ಹೊಸ ದರದಲ್ಲಿ ಬುಕ್ ಮಾಡಬೇಕು. ಹಳೆಯ ದರವನ್ನೇ ಮುಂದಕ್ಕೆ ಎಳೆಯಲು ಬ್ಯಾಂಕು ಒಪ್ಪುವುದಿಲ್ಲ. ಈಗ 2.55 ಲಕ್ಷ ಕಟ್ಟಿದರೂ ಡಾಲರ್ ಬಂದಾಗ ಸುಮಾರು 87ರ ದರ ಸಿಗುವುದರಿಂದ ಅದು ಹಿಂತಿರುಗುತ್ತದೆ. ತೊಂದರೆ ನಗದಿನದು: ಆ ಹಣ ಕಟ್ಟಬೇಕಾದದ್ದು ಸಂಬಳದ ವಾರದಲ್ಲೇ ಆಗಿರಬಹುದು.

ಆದ್ದರಿಂದ ಒಂದೇ ದಿನಕ್ಕೆ ಬುಕ್ ಮಾಡುವ ಬದಲು, ತಿಂಗಳೊಳಗೆ ಯಾವ ದಿನ ಬೇಕಾದರೂ ಡಾಲರ್ ಕೊಡಬಹುದಾದ ಕರಾರು ಕೇಳುವುದು ಒಳ್ಳೆಯದು. ಗುಣಮಟ್ಟದ ನೆಪದಲ್ಲಿ ಖರೀದಿದಾರ ಆರು ಸಾವಿರ ಡಾಲರ್ ಮುರಿದುಕೊಳ್ಳುವುದೂ ಉಂಟು. ಪೂರ್ತಿ ಲಕ್ಷ ಬುಕ್ ಮಾಡಿದ್ದರೆ ಆ ಆರು ಸಾವಿರವನ್ನು ರದ್ದು ಮಾಡಬೇಕು. ಖಚಿತ ಆರ್ಡರಿನ ಮುಕ್ಕಾಲು ಭಾಗಕ್ಕೆ ನಿಲ್ಲುವವರು ಅದಕ್ಕೇ.

ನಂಬಿಕೆ: ಇದಕ್ಕೆ ಖರ್ಚೇ ಇಲ್ಲ.

ಮುಂಗಡ ಕಟ್ಟಬೇಕಾಗಿಲ್ಲ, ನಿಜ. ಆದರೆ ಬ್ಯಾಂಕು ನಮಗೆ ಕೊಟ್ಟಿರುವ ಲಿಮಿಟ್‌ನ ಒಂದಿಷ್ಟು ಭಾಗ ಇದಕ್ಕೆ ಹೋಗುತ್ತದೆ, ಕೆಲವೊಮ್ಮೆ ಮಾರ್ಜಿನ್ ಹಣವನ್ನೂ ಕೇಳುತ್ತಾರೆ. ಕಾಣದ ಖರ್ಚು ದರದೊಳಗೇ ಅಡಗಿರುತ್ತದೆ. ಬ್ಯಾಂಕಿಗೆ ಫೋನ್ ಮಾಡಿದಾಗ ಒಟ್ಟು ದರ ಕೇಳಿ ಸುಮ್ಮನಾಗದೆ, ಇಂದಿನ ದರ ಎಷ್ಟು, ಪ್ರೀಮಿಯಂ ಎಷ್ಟು, ಬ್ಯಾಂಕಿನ ಪಾಲು ಎಷ್ಟು ಎಂದು ಬಿಡಿಬಿಡಿಯಾಗಿ ಕೇಳಬೇಕು. ಸಣ್ಣ ಗ್ರಾಹಕರಿಗೂ ಮಾರುಕಟ್ಟೆ ದರ ಕಾಣಲಿ ಎಂದು 2019ರಲ್ಲಿ ಶುರುವಾದ ಎಫ್‌ಎಕ್ಸ್-ರಿಟೇಲ್ ವೇದಿಕೆಯಲ್ಲಿ ನೋಂದಾಯಿಸಿಕೊಂಡರೆ, ಬ್ಯಾಂಕು ಹೇಳಿದ ಇಂದಿನ ದರವನ್ನು ಪಕ್ಕದಲ್ಲೇ ಇಟ್ಟು ನೋಡಬಹುದು. ಒಂದು ಲಕ್ಷ ಡಾಲರ್ ಮೇಲೆ ಹತ್ತು ಪೈಸೆ ಕಡಿಮೆ ಸಿಕ್ಕಿತೆಂದರೆ ಹತ್ತು ಸಾವಿರ ರೂಪಾಯಿ ಹೋದಂತೆ.