67 ನಿಮಿಷ ಯಾರ ಪಾಲಿಗೆ?

ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಓಲ್ಡ್ ಫೇತ್‌ಫುಲ್ ಎಂಬ ಬಿಸಿನೀರಿನ ಚಿಲುಮೆಯಿದೆ. ಒಮ್ಮೆ ಚಿಮ್ಮಿ ನಿಂತ ಮೇಲೆ ಮತ್ತೆ ಚಿಮ್ಮಲು ಹಿಂದೆ ಕೆಲವೊಮ್ಮೆ ಮುಕ್ಕಾಲು ಗಂಟೆ ಸಾಕಾಗುತ್ತಿತ್ತು, ಕೆಲವೊಮ್ಮೆ ಒಂದೂವರೆ ಗಂಟೆ ಬೇಕಾಗುತ್ತಿತ್ತು. ಹೀಗೆ 272 ಸಲ ಕಾದ ಹೊತ್ತನ್ನು ನಿಮಿಷಗಳಲ್ಲಿ ಬರೆದಿಟ್ಟ ಪಟ್ಟಿಯೊಂದು ಸಂಖ್ಯಾಶಾಸ್ತ್ರ ಓದಿದವರಿಗೆಲ್ಲ ಪರಿಚಿತ. R ತಂತ್ರಾಂಶ ಹಾಕಿಕೊಂಡರೆ `faithful` ಎಂಬ ಹೆಸರಿನಲ್ಲಿ ಅದೂ ಜೊತೆಗೇ ಬರುತ್ತದೆ.

ಈ 272 ಅಂಕಿಗಳ ಸರಾಸರಿ ಸುಮಾರು 71 ನಿಮಿಷ. ಆದರೆ 71 ನಿಮಿಷ ಈ ಚಿಲುಮೆಯ ಸ್ವಭಾವವೇ ಅಲ್ಲ. ಅಂಕಿಗಳು 55ರ ಸುತ್ತ ಒಂದು ಗುಂಪಾಗಿ, 80ರ ಸುತ್ತ ಇನ್ನೊಂದು ಗುಂಪಾಗಿ ನಿಂತಿವೆ. ನಡುವಿನ ಜಾಗ ತೆಳು. ಚಿಲುಮೆ ಸ್ವಲ್ಪ ಹೊತ್ತು ಚಿಮ್ಮಿ ನಿಂತರೆ ಒಳಗೆ ಬಿಸಿನೀರು ಉಳಿದಿರುತ್ತದೆ, ಮುಂದಿನ ಸರದಿ ಬೇಗ ಬರುತ್ತದೆ. ಹೆಚ್ಚು ಹೊತ್ತು ಚಿಮ್ಮಿ ಬರಿದಾದರೆ ಮತ್ತೆ ತುಂಬಿ ಕಾಯಲು ತಡವಾಗುತ್ತದೆ. ಗುಂಪುಗಳು ಎರಡು ಎಂಬುದಕ್ಕೆ ಭೂಮಿಯೊಳಗೇ ಕಾರಣವಿದೆ. ಆದರೆ ಯಾವ ಅಂಕಿ ಯಾವ ಗುಂಪಿನದು ಎಂದು ಆ ಪಟ್ಟಿಯಲ್ಲಿ ಯಾರೂ ಬರೆದಿಟ್ಟಿಲ್ಲ.

ಇಂಥ ಕಡೆ ಎಲ್ಲರೂ ಮೊದಲು ಬಳಸುವುದು ಕೆ-ಮೀನ್ಸ್ ವಿಧಾನ. ಎರಡು ಕೇಂದ್ರಗಳನ್ನು ಊಹಿಸಿಕೊಳ್ಳಿ. ಪ್ರತಿ ಅಂಕಿಯನ್ನೂ ತನಗೆ ಹತ್ತಿರವಿರುವ ಕೇಂದ್ರಕ್ಕೆ ಸೇರಿಸಿ. ಹಾಗೆ ಸೇರಿದವುಗಳ ಸರಾಸರಿಯೇ ಹೊಸ ಕೇಂದ್ರ. ಕೇಂದ್ರಗಳು ಅಲುಗದೆ ನಿಲ್ಲುವವರೆಗೆ ಇದನ್ನೇ ಮಾಡುತ್ತಿರಿ. ಇಲ್ಲಿ ಕೇಂದ್ರಗಳು 55 ಮತ್ತು 80ರ ಹತ್ತಿರ ಬಂದು ನಿಲ್ಲುತ್ತವೆ, ಗಡಿ 67 ಮತ್ತು 68ರ ನಡುವೆ ಬೀಳುತ್ತದೆ. ಅಲ್ಲಿಗೆ 67 ನಿಮಿಷ ಪೂರ್ತಿಯಾಗಿ ಮೊದಲ ಗುಂಪಿಗೆ, 68 ಪೂರ್ತಿಯಾಗಿ ಎರಡನೆಯದಕ್ಕೆ. ಗಡಿಯ ಪಕ್ಕದಲ್ಲೇ ಇರುವ 67ಕ್ಕೂ, ಗುಂಪಿನ ನಟ್ಟನಡುವೆ ಇರುವ 54ಕ್ಕೂ ಕೆ-ಮೀನ್ಸ್ ಕೊಡುವ ಉತ್ತರ ಒಂದೇ. ಇದು ನನಗೆ ಒಪ್ಪಿಗೆಯಾಗದ ಮಾತು. ಒಂದೇ ನಿಮಿಷದ ವ್ಯತ್ಯಾಸದಲ್ಲಿ ಚಿಲುಮೆಯ ಒಳಗಿನ ಸ್ಥಿತಿ ಅಷ್ಟು ಖಚಿತವಾಗಿ ತಿಳಿದುಬಿಡುವುದಿಲ್ಲ.

ಗೌಸಿಯನ್ ಮಿಶ್ರಣ ಮಾದರಿ ಇದೇ ಪ್ರಶ್ನೆಯನ್ನು ಬೇರೆ ಕಡೆಯಿಂದ ಹಿಡಿಯುತ್ತದೆ. ಪ್ರತಿ ಗುಂಪೂ ಒಂದು ಗಂಟೆಯಾಕಾರದ ರೇಖೆ ಎಂದು ಅದು ಭಾವಿಸುತ್ತದೆ. ಒಂದೊಂದು ರೇಖೆಗೂ ಮೂರು ಸಂಗತಿ: ನಡುಬಿಂದು ಎಲ್ಲಿದೆ, ಅಕ್ಕಪಕ್ಕಕ್ಕೆ ಎಷ್ಟು ಹರಡಿದೆ, ಒಟ್ಟು ಅಂಕಿಗಳಲ್ಲಿ ಅದರ ಪಾಲೆಷ್ಟು. ಈ ಮೂರು ಗೊತ್ತಿದ್ದರೆ ಯಾವ ಅಂಕಿಯನ್ನಾದರೂ ಎರಡು ಗುಂಪಿಗೂ ಶೇಕಡಾವಾರು ಹಂಚಬಹುದು. ಅಂಕಿಗಳ ಹಂಚಿಕೆ ಗೊತ್ತಿದ್ದರೆ ಈ ಮೂರನ್ನು ಲೆಕ್ಕ ಹಾಕಬಹುದು. ತೊಡಕೆಂದರೆ ಎರಡೂ ಗೊತ್ತಿಲ್ಲ.

ಈ ತೊಡಕನ್ನು ಬಿಡಿಸುವುದೇ ಎಕ್ಸ್‌ಪೆಕ್ಟೇಷನ್ ಮ್ಯಾಕ್ಸಿಮೈಸೇಷನ್, ಚಿಕ್ಕದಾಗಿ ಇಎಂ. ಒಂದನ್ನು ಊಹಿಸಿಕೊಂಡು ಇನ್ನೊಂದನ್ನು ಲೆಕ್ಕ ಹಾಕು, ಬಂದದ್ದರಿಂದ ಮೊದಲನೆಯದನ್ನು ತಿದ್ದು, ಮತ್ತೆ ಶುರುಮಾಡು. 65 ನಿಮಿಷದ ಒಂದು ದಾಖಲೆಯನ್ನು ಹಿಡಿದು ನೋಡೋಣ. ಬೇಕೆಂದೇ ಸ್ವಲ್ಪ ತಪ್ಪಾಗಿ ಊಹಿಸಿ, ನಡುಬಿಂದುಗಳು 50 ಮತ್ತು 70, ಹರಡಿಕೆ, ಅಂದರೆ ಮಾನಕ ವಿಚಲನೆ, ಎರಡಕ್ಕೂ 10 ನಿಮಿಷ, ಪಾಲು ಅರ್ಧರ್ಧ ಎಂದುಕೊಳ್ಳಿ. 65 ಎಂಬುದು 50ರಿಂದ 15 ನಿಮಿಷ ದೂರ, 70ರಿಂದ 5 ನಿಮಿಷ. ಆ ದೂರಗಳಲ್ಲಿ ಎರಡು ರೇಖೆಗಳ ಎತ್ತರ 0.325 ಮತ್ತು 0.882ರ ಅನುಪಾತದಲ್ಲಿರುತ್ತದೆ. ಆದ್ದರಿಂದ ಈ ದಾಖಲೆಯಲ್ಲಿ ಶೇ. 27 ಭಾಗ ಬೇಗ ಚಿಮ್ಮುವ ಗುಂಪಿಗೆ, ಶೇ. 73 ಭಾಗ ತಡವಾಗಿ ಚಿಮ್ಮುವ ಗುಂಪಿಗೆ. 272 ದಾಖಲೆಗಳಿಗೂ ಹೀಗೆ ಮಾಡಿದರೆ ಮೊದಲ ಹೆಜ್ಜೆ ಮುಗಿಯಿತು.

ಎರಡನೆಯ ಹೆಜ್ಜೆಯಲ್ಲಿ ಹೊಸ ಸರಾಸರಿ. ಮೊದಲ ಗುಂಪಿನ ಸರಾಸರಿ ತೆಗೆಯುವಾಗ 65ರ ಆ ದಾಖಲೆ ಒಂದು ಪೂರ್ಣ ದಾಖಲೆಯಾಗಿ ಅಲ್ಲ, 0.27 ದಾಖಲೆಯಾಗಿ ಎಣಿಕೆಗೆ ಬರುತ್ತದೆ, ಎರಡನೆಯದರಲ್ಲಿ 0.73 ಆಗಿ. ಹರಡಿಕೆಯನ್ನೂ ಇದೇ ತೂಕದಲ್ಲಿ ಲೆಕ್ಕ ಹಾಕುವುದು. ಒಂದು ಗುಂಪಿಗೆ ಬಂದ ಚೂರುಗಳನ್ನೆಲ್ಲ ಕೂಡಿ 272ರಿಂದ ಭಾಗಿಸಿದರೆ ಅದರ ಪಾಲು ಸಿಗುತ್ತದೆ. ಈ ಹೊಸ ಅಂಕಿಗಳನ್ನಿಟ್ಟುಕೊಂಡು ಮತ್ತೆ ಮೊದಲ ಹೆಜ್ಜೆ.

ಸುತ್ತುಗಳು ಮುಗಿದು ಅಂಕಿಗಳು ಅಲುಗದೆ ನಿಂತಾಗ ಬರುವುದು ಇದು: ನಡುಬಿಂದುಗಳು 54.6 ಮತ್ತು 80.1, ಹರಡಿಕೆ ಎರಡಕ್ಕೂ ಹೆಚ್ಚುಕಡಿಮೆ 5.9, ಪಾಲು ಶೇ. 36 ಮತ್ತು 64. ಮೊದಲ ಸುತ್ತಿನಲ್ಲಿ ಬೇಗದ ಗುಂಪಿಗೆ ಬರೀ ಶೇ. 27ರಷ್ಟು ಸೇರಿದ್ದ 65 ನಿಮಿಷ ಈಗ ಶೇ. 76ರಷ್ಟು ಅದರದೇ. ಗಡಿಯಲ್ಲಿ ಸಿಕ್ಕಿಕೊಂಡಿದ್ದ 67 ಬೇಗದ ಗುಂಪಿಗೆ ಶೇ. 42 ಮಾತ್ರ, 68 ಶೇ. 26, 70 ಶೇ. 7. ಕೆ-ಮೀನ್ಸ್ ಕಡಿದು ತೋರಿಸಿದ ಗಡಿ ಇಲ್ಲಿ ಇಳಿಜಾರಾಗಿದೆ. ಇನ್ನೊಂದು ಸೂಕ್ಷ್ಮವೂ ಇದೆ. 67 ನಿಮಿಷ ದೂರದ ಲೆಕ್ಕದಲ್ಲಿ ಮೊದಲ ಗುಂಪಿಗೇ ಕೂದಲೆಳೆಯಷ್ಟು ಹತ್ತಿರ. ಹಾಗಿದ್ದೂ ಅದರ ಹೆಚ್ಚಿನ ಭಾಗ ಎರಡನೆಯದಕ್ಕೆ ಹೋಯಿತು, ಏಕೆಂದರೆ ಎರಡನೆಯ ಗುಂಪು ದೊಡ್ಡದು. ನಡುವೆ ನಿಂತ ಅಂಕಿ ದೊಡ್ಡ ಗುಂಪಿನಿಂದ ಬಂದಿರುವ ಸಾಧ್ಯತೆಯೇ ಹೆಚ್ಚು. ಕೆ-ಮೀನ್ಸ್ ನೋಡುವುದು ದೂರವನ್ನಷ್ಟೇ, ಗುಂಪಿನ ಗಾತ್ರ ಅದರ ಲೆಕ್ಕಕ್ಕೆ ಬರುವುದಿಲ್ಲ.

ಹಾಗೆಂದು ಎರಡನ್ನೂ ಶತ್ರುಗಳಂತೆ ಎದುರುಬದುರು ನಿಲ್ಲಿಸಬೇಕಿಲ್ಲ. ಎರಡೂ ರೇಖೆಗಳ ಹರಡಿಕೆ ಒಂದೇ ಎಂದು ಕಟ್ಟಿಹಾಕಿ ಅದನ್ನು ಸೊನ್ನೆಯತ್ತ ಕಿರಿದಾಗಿಸುತ್ತ ಹೋದರೆ ಶೇಕಡಾವಾರು ಹಂಚಿಕೆ 0 ಅಥವಾ 100 ಆಗಿಬಿಡುತ್ತದೆ, ಇಎಂ ಕೆ-ಮೀನ್ಸ್ ಆಗಿ ಹೋಗುತ್ತದೆ. ಈ ಪಟ್ಟಿಯಲ್ಲಂತೂ ಎರಡರ ಕೇಂದ್ರಗಳೂ ಹತ್ತಿರ ಹತ್ತಿರವೇ. ಕೇಂದ್ರ ಮಾತ್ರ ಸಾಕೆನ್ನುವವರು ಇಎಂ ಗೋಜಿಗೆ ಹೋಗಬೇಕಾಗಿಲ್ಲ. ಗುಂಪುಗಳ ಹರಡಿಕೆ ಬೇರೆಬೇರೆ ಇದ್ದಾಗ, ಗಾತ್ರದಲ್ಲಿ ದೊಡ್ಡ ಅಂತರವಿದ್ದಾಗ, ಇಲ್ಲವೇ ನಡುವಿನ ಅಂಕಿಗಳ ಅನುಮಾನವೇ ಮುಖ್ಯವಾದಾಗ ಇದರ ಶ್ರಮ ಸಾರ್ಥಕ.

ಮಿಶ್ರಣವನ್ನು ಬಿಡಿಸುವ ಆಸೆ ಹಳೆಯದು. 1894ರಲ್ಲಿ ಕಾರ್ಲ್ ಪಿಯರ್ಸನ್ ನೇಪಲ್ಸ್‌ನ ಏಡಿಗಳ ಅಳತೆಗಳಲ್ಲಿ ಎರಡು ಗಂಟೆರೇಖೆ ಬೆರೆತಿವೆಯೇ ಎಂದು ನೋಡಲು ಒಂಬತ್ತನೆಯ ಘಾತದ ಸಮೀಕರಣವನ್ನು ಕೈಯಲ್ಲೇ ಬಿಡಿಸಿದ. ಇಎಂ ಎಂಬ ಹೆಸರು ಬಂದದ್ದು 1977ರಲ್ಲಿ, ಡೆಂಪ್‌ಸ್ಟರ್, ಲೇರ್ಡ್ ಮತ್ತು ರೂಬಿನ್ ಬರೆದ ಪ್ರಬಂಧದಿಂದ. ಅಲ್ಲಿಲ್ಲಿ ಬಳಕೆಯಲ್ಲಿದ್ದ ಉಪಾಯಗಳನ್ನು ಅವರು ಒಂದೇ ಸೂತ್ರಕ್ಕೆ ತಂದರು. ಆ ಪ್ರಬಂಧದ ಒಂದು ಸಾಧನೆಯಲ್ಲಿ ದೋಷವಿತ್ತು, ಅದನ್ನು 1983ರಲ್ಲಿ ವೂ ತಿದ್ದಿದರು. ವಿಧಾನಕ್ಕೆ ಅದರಿಂದ ಧಕ್ಕೆಯೇನೂ ಆಗಲಿಲ್ಲ.

ಇಎಂ ಸರಿಯಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ಒಳ್ಳೆಯ ಗುರುತೊಂದಿದೆ. ಈಗಿನ ರೇಖೆಗಳಿಂದ ಈ 272 ಅಂಕಿಗಳು ಹುಟ್ಟುವುದು ಎಷ್ಟು ಸಹಜ ಎಂಬುದನ್ನು ಲೈಕ್ಲಿಹುಡ್ ಎಂಬ ಅಳತೆ ಹೇಳುತ್ತದೆ. ಪ್ರತಿ ಸುತ್ತಿನಲ್ಲೂ ಅದು ಏರಬೇಕು, ಇಲ್ಲವೇ ಇದ್ದಲ್ಲೇ ಇರಬೇಕು. ಒಮ್ಮೆ ಇಳಿಯಿತೆಂದರೂ ಪ್ರೋಗ್ರಾಂನಲ್ಲೇ ತಪ್ಪಿದೆ ಎಂದರ್ಥ. ಏರಿದ ಮಾತ್ರಕ್ಕೆ ಅತಿ ಎತ್ತರದ ಶಿಖರವನ್ನೇ ಮುಟ್ಟಿತೆನ್ನುವಂತಿಲ್ಲ. ಅದಕ್ಕೇ ಬೇರೆಬೇರೆ ಊಹೆಗಳಿಂದ ಹಲವು ಸಲ ಶುರುಮಾಡುವುದು. ಎರಡೂ ಗುಂಪಿಗೆ ಒಂದೇ ಊಹೆ ಕೊಟ್ಟರಂತೂ ಪ್ರತಿ ಅಂಕಿಯೂ ಒಂದೇ ರೀತಿ ಹಂಚಿಹೋಗಿ ಎರಡು ನಡುಬಿಂದುಗಳೂ 71ರಲ್ಲಿ ಬಂದು ಕೂತುಬಿಡುತ್ತವೆ, ಎಷ್ಟು ಸುತ್ತು ಓಡಿಸಿದರೂ ಬೇರೆಯಾಗುವುದಿಲ್ಲ.

ಹೆಚ್ಚು ಅಪಾಯದ್ದು ಇನ್ನೊಂದು. ಒಂದು ರೇಖೆ ಒಂದೇ ಅಂಕಿಯ ಮೇಲೆ ಹೋಗಿ ಕೂತರೆ ಅದರ ಹರಡಿಕೆ ಸೊನ್ನೆಯತ್ತ ಕುಗ್ಗುತ್ತದೆ, ಎತ್ತರ ಮಿತಿಯಿಲ್ಲದೆ ಬೆಳೆಯುತ್ತದೆ, ಜೊತೆಗೆ ಲೈಕ್ಲಿಹುಡ್ ಕೂಡ. ಕಾಗದದ ಮೇಲೆ ಅದೇ ಅತ್ಯುತ್ತಮ ಉತ್ತರ, ಅರ್ಥ ಮಾತ್ರ ಶೂನ್ಯ. ಈ ಪಟ್ಟಿಯಲ್ಲಿ ಹೊತ್ತನ್ನು ಪೂರ್ಣ ನಿಮಿಷಗಳಲ್ಲೇ ಬರೆದಿರುವುದರಿಂದ ಒಂದೇ ಅಂಕಿ ಮತ್ತೆ ಮತ್ತೆ ಬರುತ್ತದೆ. ಗುಂಪುಗಳ ಸಂಖ್ಯೆಯನ್ನು ಎರಡರಿಂದ ಆರಕ್ಕೋ ಏಳಕ್ಕೋ ಏರಿಸಿದರೆ ಯಾವುದಾದರೊಂದು ರೇಖೆ ಅಂಥ ಅಂಕಿಗೆ ಅಂಟಿಕೊಳ್ಳುವ ಸಂಭವ ಹೆಚ್ಚುತ್ತದೆ. ಲೈಕ್ಲಿಹುಡ್ ಏಕಾಏಕಿ ಜಿಗಿದು, ಒಂದು ಗುಂಪಿನ ಪಾಲು ನಾಲ್ಕಾರು ದಾಖಲೆಗಳಷ್ಟೇ ಆಗಿ, ಅದರ ಹರಡಿಕೆ ಅಳತೆಯ ಕನಿಷ್ಠ ಘಟಕಕ್ಕಿಂತ, ಇಲ್ಲಿ ಒಂದು ನಿಮಿಷಕ್ಕಿಂತ, ತೀರ ಕಿರಿದಾಗಿದ್ದರೆ ಅದೇ ಆಗಿದೆ ಎಂದು ತಿಳಿಯಬೇಕು. ಹರಡಿಕೆ ಇಷ್ಟಕ್ಕಿಂತ ಕುಗ್ಗಬಾರದೆಂದು ಮೊದಲೇ ಒಂದು ತಳಮಿತಿ ಹಾಕಿಡುವುದು, ಇಲ್ಲವೇ ಆ ಓಟವನ್ನು ಕೈಬಿಟ್ಟು ಬೇರೆ ಊಹೆಯಿಂದ ಶುರುಮಾಡುವುದು ಇದಕ್ಕೆ ರೂಢಿಯಲ್ಲಿರುವ ಪರಿಹಾರ.